ಸಮಿತಿಯು ಗಮನಿಸಿತು

ನನ್ನ ಜೀವನದಲ್ಲಿ ಅತಿ ಹೆಚ್ಚು ಸಲ ಬರೆದ ವಾಕ್ಯ ಯಾವುದೆಂದು ಯಾರಾದರೂ ಕೇಳಿದರೆ ನಾನು ಯೋಚಿಸಬೇಕಾಗಿಲ್ಲ. ‘ಸಮಿತಿಯು ಗಮನಿಸಿತು.’ ಓದುವವರು ಬ್ಯಾಂಕಿನವರು ಎಂಬ ಕಾರಣಕ್ಕೆ ಅದನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಕಣ್ಣಿಲ್ಲದ, ಕಿವಿಯಿಲ್ಲದ ಆ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಿ ಎಷ್ಟೊಂದನ್ನು ಗಮನಿಸುತ್ತಿತ್ತೆಂದರೆ, ಗಮನಿಸಿದ್ದರಲ್ಲಿ ಕಾಲು ಭಾಗವನ್ನಾದರೂ ಮಾಡಿ ಮುಗಿಸಿದ್ದರೆ ನಮ್ಮ ಕಂಪನಿ ಇಂದಿಗೂ ಇರುತ್ತಿತ್ತೇನೋ.

ಕಂಪನಿ ಹುಮನಾಬಾದಿನಲ್ಲಿತ್ತು. ಹೈವೇ ಪಕ್ಕ ಒಂದು ಟೈರ್ ಅಂಗಡಿ, ಅದರ ಮೇಲಿನ ಮಹಡಿಯಲ್ಲಿ ನಮ್ಮ ಹೆಡ್ ಆಫೀಸು. ಲಾರಿ, ಟೆಂಪೊ, ಟ್ರ್ಯಾಕ್ಟರ್ ಕೊಳ್ಳುವವರಿಗೆ ಸಾಲ ಕೊಡುವುದು ನಮ್ಮ ವ್ಯವಹಾರ. ನಾನು ಬಸವಕಲ್ಯಾಣದವಳು. ಎಂ.ಕಾಂ. ಮುಗಿಸಿ ತೊಂಬತ್ತರ ದಶಕದ ಕೊನೆಗೆ ಅಲ್ಲಿ ಅಕೌಂಟ್ಸಿಗೆ ಸೇರಿದೆ. ಇಂಗ್ಲಿಷ್ ಅಕ್ಷರ ದುಂಡಗಿತ್ತು ಎಂಬ ಒಂದೇ ಅಪರಾಧಕ್ಕೆ ಸಭೆಗಳ ನಡಾವಳಿ ಬರೆಯುವ ಕೆಲಸವೂ ಕೊರಳಿಗೆ ಬಿತ್ತು.

ಮೊದಲು ಬೋರ್ಡಿನ ಸಭೆ ಮಾತ್ರ ಇತ್ತು. ಹೊಸ ಶತಮಾನ ಬಂದು ಕೆಲವು ವರ್ಷಗಳಾದ ಮೇಲೆ, ನಮಗೆ ಹಣ ಒದಗಿಸುತ್ತಿದ್ದ ಬ್ಯಾಂಕು ಸಾಲದ ಲಿಮಿಟ್ ಹೆಚ್ಚಿಸಲು ಒಂದು ಷರತ್ತು ಹಾಕಿತು. ಕಂಪನಿಗೆ ರಿಸ್ಕ್ ಮ್ಯಾನೇಜ್‌ಮೆಂಟ್ ಕಮಿಟಿ ಇರಬೇಕು, ಅದು ಮೂರು ತಿಂಗಳಿಗೊಮ್ಮೆ ಸೇರಬೇಕು, ಅದರ ನಡಾವಳಿಯ ಪ್ರತಿ ಬ್ಯಾಂಕಿಗೆ ಬರಬೇಕು. ಹಾಗೆ ಹುಟ್ಟಿದ್ದು ನಮ್ಮ ಸಮಿತಿ. ಅಪಾಯದ ಭಯದಿಂದ ಹುಟ್ಟಿದ್ದಲ್ಲ, ಲಿಮಿಟ್ಟಿನ ಆಸೆಯಿಂದ ಹುಟ್ಟಿದ್ದು.

ಸದಸ್ಯರು ಮೂವರು. ಅಧ್ಯಕ್ಷರು ದಾಲ್ ಮಿಲ್ಲಿನ ಸಾವುಕಾರರು. ಧಾನ್ಯದ ಮಾರುಕಟ್ಟೆಯಲ್ಲಿ ಅವರ ಅಡತಿ ಅಂಗಡಿಯೂ ಇತ್ತು, ಕಂಪನಿಯ ಬಂಡವಾಳದಲ್ಲಿ ದೊಡ್ಡ ಪಾಲೂ ಇತ್ತು. ಎರಡನೆಯವರು ಗುಲ್ಬರ್ಗಾದಿಂದ ಬರುತ್ತಿದ್ದ ನಿವೃತ್ತ ಬ್ಯಾಂಕ್ ಅಧಿಕಾರಿ. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು. ಮೂರನೆಯವರು ಮ್ಯಾನೇಜಿಂಗ್ ಡೈರೆಕ್ಟರ್, ಅಂದರೆ ಎಂ.ಡಿ. ದೊಡ್ಡ ಸಾಲಗಳೆಲ್ಲ ಮಂಜೂರಾಗುತ್ತಿದ್ದದ್ದು ಅವರ ಕೈಯಿಂದಲೇ. ಯಾವುದಾದರೂ ಅಪಾಯ ಸಮಿತಿಯ ಕೈ ಮೀರಿದೆ ಎನಿಸಿದರೆ ಅದನ್ನು ಬೋರ್ಡಿಗೆ ಏರಿಸಬೇಕೆಂಬ ನಿಯಮವಿತ್ತು. ಆಗ ಈ ಮೂವರೇ ಚಹಾ ಕುಡಿದು, ಸಾವುಕಾರರ ಅಳಿಯನನ್ನು ಕೂಡಿಸಿಕೊಂಡು ಬೋರ್ಡ್ ಆಗುತ್ತಿದ್ದರು. ಬೋರ್ಡು ಆ ವಿಷಯವನ್ನು ವಿವರವಾಗಿ ಪರಿಶೀಲಿಸಲು ಮತ್ತೆ ಸಮಿತಿಗೆ ಕಳಿಸುತ್ತಿತ್ತು. ನಾನು ಎರಡೂ ಪುಸ್ತಕಗಳಲ್ಲಿ ಬರೆಯುತ್ತಿದ್ದೆ. ಗಾಣದ ಎತ್ತಿಗಾದರೂ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ, ನನಗೆ ಅದೂ ಇರಲಿಲ್ಲ.

ನಡಾವಳಿ ಬರೆಯುವ ರೀತಿಯನ್ನು ಕಲಿಸಿದವರು ಸಾಹೇಬರು. ಒಳ್ಳೆಯ ಗುರುಗಳೇ. ಕಾಗದ ಅಂಟಿಸಬಾರದು, ಪುಟಕ್ಕೆ ನಂಬರು ಇರಬೇಕು, ತಿದ್ದುವುದಿದ್ದರೆ ಒಂದೇ ಗೆರೆ ಎಳೆಯಬೇಕು, ಗೆರೆಯ ಕೆಳಗಿನ ಅಕ್ಷರ ಓದಲು ಬರಬೇಕು, ಪಕ್ಕದಲ್ಲಿ ಅಧ್ಯಕ್ಷರ ಚಿಕ್ಕ ಸಹಿ ಬೀಳಬೇಕು. ಇವೆಲ್ಲಕ್ಕಿಂತ ಮುಖ್ಯವಾದದ್ದೊಂದನ್ನು ಅವರು ಮೊದಲ ದಿನವೇ ಹೇಳಿದ್ದರು.

“ನೋಡಮ್ಮಾ, ಸಮಿತಿಗೆ ಒಂದೇ ಬಾಯಿ ಇರೋದು. ಯಾರು ಏನಂದ್ರು ಅಂತ ಬರಿಯಂಗಿಲ್ಲ. ಸಮಿತಿ ಗಮನಿಸ್ತು, ಸಮಿತಿ ಸೂಚಿಸ್ತು, ಅಷ್ಟೇ.”

ಆಕ್ಷೇಪವಿದ್ದ ಸದಸ್ಯನ ಹೆಸರನ್ನು ಅವನು ಕೇಳಿಕೊಂಡರೆ ಬರೆಯಬಹುದಿತ್ತು. ಆದರೆ ಆಕ್ಷೇಪಿಸುವ ಸದಸ್ಯರು ನಮ್ಮಲ್ಲಿ ಇರಲಿಲ್ಲ. ಮಾತನಾಡುತ್ತಿದ್ದದ್ದು ಸದಸ್ಯರಲ್ಲದ ಒಬ್ಬರು ಮಾತ್ರ: ಬಸವಕಲ್ಯಾಣ ಶಾಖೆಯ ಮ್ಯಾನೇಜರು.

ಅವರನ್ನು ‘ಆಹ್ವಾನಿತರು’ ಎಂದು ಬರೆಯುತ್ತಿದ್ದೆ. ಆಹ್ವಾನಿತರ ಕುರ್ಚಿ ಬಾಗಿಲ ಬಳಿ. ಕೇಳಿದ್ದಕ್ಕೆ ಉತ್ತರಿಸಿ, ತೀರ್ಮಾನದ ಹೊತ್ತಿಗೆ ಎದ್ದು ಹೊರಗೆ ಹೋಗಬೇಕು. ಐವತ್ತು ದಾಟಿದ ಮನುಷ್ಯ, ಕಂಪನಿ ಶುರುವಾದಾಗಿನಿಂದ ಇದ್ದವರು. ನಮ್ಮೂರಿನ ಆಟೋ ನಗರದಲ್ಲಿ ಯಾವ ಲಾರಿಗೆ ಯಾರು ಬಾಡಿ ಕಟ್ಟುತ್ತಿದ್ದಾರೆ, ಆ ಲಾರಿ ಮುಂದೆ ಯಾವ ರಸ್ತೆಯಲ್ಲಿ ಓಡುತ್ತದೆ ಎಂಬುದೆಲ್ಲ ಅವರಿಗೆ ಗೊತ್ತಿರುತ್ತಿತ್ತು. ಅಲ್ಲಿ ದಿನವೂ ಕೂತು ಚಹಾ ಕುಡಿಯುವುದೇ ಅವರ ಕೆಲಸವಾಗಿತ್ತು. ಸಭೆ ಮುಗಿದ ಮೇಲೆ ನಾವಿಬ್ಬರೂ ಒಂದೇ ಬಸ್ಸಿಗೆ ಊರಿಗೆ ಮರಳುತ್ತಿದ್ದೆವು.

ಒಂದು ಸಭೆಯಲ್ಲಿ ಅಜೆಂಡಾದ ಮೂರನೆಯ ವಿಷಯ, ಎಂದಿನಂತೆ, ದೊಡ್ಡ ಸಾಲಗಳ ಪಟ್ಟಿ. ಠೇವಣಿ ತೆಗೆದುಕೊಳ್ಳುವ ನಮ್ಮಂಥ ಕಂಪನಿ ತನ್ನ ಸ್ವಂತ ನಿಧಿಯ ಇಂತಿಷ್ಟು ಪಾಲಿಗಿಂತ ಹೆಚ್ಚು ಸಾಲವನ್ನು ಒಬ್ಬನಿಗೇ ಆಗಲಿ, ಒಂದೇ ಗುಂಪಿಗೇ ಆಗಲಿ ಕೊಡಬಾರದೆಂದು ನಿಯಮ. ಪಟ್ಟಿ ತಯಾರಿಸಿದವಳು ನಾನೇ. ಎಲ್ಲವೂ ಮಿತಿಯೊಳಗಿತ್ತು. ಎಂ.ಡಿ. ಪುಟ ತಿರುವಿ, “ಕ್ಲೀನ್ ಅದರಿ, ಮುಂದ ಹೋಗೋಣ” ಎಂದರು. ಸಾವುಕಾರರ ಮುಂದೆ ಮಂಡಕ್ಕಿ ಸುಸಲಾ, ಮಿರ್ಚಿ ಭಜಿ ಬಂದಿದ್ದವು.

ಬಾಗಿಲ ಬಳಿಯಿಂದ ಮ್ಯಾನೇಜರು, ಯಾರೂ ಕೇಳದೆಯೇ, ಮಾತು ತೆಗೆದರು.

“ಸಾವುಕಾರ, ಒಂದ್ ಮಾತ್ ಹೇಳ್ಲೇನ್ರಿ? ನಮ್ಮ ಶಾಖಾದ ಲಾರಿ ಮಾಲಕರು ಕಾಗದದಾಗ ಬ್ಯಾರೆ ಬ್ಯಾರೆ ಅದಾರ. ಖರೆ, ಅರ್ಧಕ್ಕರ್ಧ ಗಾಡಿ ಒಬ್ಬಾವನೇ ಕಾಂಟ್ರಾಕ್ಟರ್ ಕಡೆ ಹಚ್ಯಾವ. ಆ ಕಾಂಟ್ರಾಕ್ಟರ್‌ಗ ಇಲ್ಲಿ ಒಂದೇ ಕೆಮಿಕಲ್ ಫ್ಯಾಕ್ಟರಿ ಭಾಡಾ ಕೊಡತದ. ಎತ್ತು ಬ್ಯಾರೆ ಬ್ಯಾರೆ ಅವ, ನೀರು ಕುಡಿಯಾಕತ್ತಿದ್ದು ಒಂದೇ ಬಾವ್ಯಾಗರಿ. ಬಾವಿ ಬತ್ತಿತಂದ್ರ ಯಾವ ಎತ್ತು ಯಾರ್ದಂತ ಕೇಳಿ ಏನ್ ಮಾಡೋದ್ರಿ?”

ಸಾವುಕಾರರಿಗೆ ನಗು ಬಂದು ಭಜಿ ಗಂಟಲಿಗೆ ಸಿಕ್ಕಿತು. ನಾನೇ ನೀರು ಕೊಟ್ಟೆ. ಕೆಮ್ಮು ನಿಂತ ಮೇಲೆ, “ಭಾರೀ ಮಾತ್ ಆಡ್ದಿ ಬಿಡು” ಎಂದರು. ಸಾಹೇಬರು ಮಾತ್ರ ಕನ್ನಡಕ ತೆಗೆದು ಗಂಭೀರರಾದರು. ನಿಯಮದ ಪ್ರಕಾರ ಇದು ಗುಂಪಲ್ಲ, ಒಬ್ಬರ ಆಸ್ತಿ ಇನ್ನೊಬ್ಬರದಲ್ಲ. ಆದರೆ ಅಪಾಯ ಒಂದೇ ಕಡೆ ಗುಡ್ಡೆಯಾಗಿದೆ, ಬರೆಯಲೇಬೇಕು ಎಂದರು. ಎಂ.ಡಿ.ಗೂ ಅಡ್ಡಿಯಿರಲಿಲ್ಲ. ಸಮಿತಿ ಇಷ್ಟು ಜಾಗೃತವಾಗಿದೆ ಎಂದು ಓದಿದರೆ ಬ್ಯಾಂಕಿನವರಿಗೆ ಖುಷಿಯಾಗುತ್ತದೆ ಎಂದು ಅವರ ಲೆಕ್ಕ.

ನಾನು ಹೀಗೆ ಬರೆದೆ: ಬಸವಕಲ್ಯಾಣ ಶಾಖೆಯ ಸಾಲಗಾರರು ಬೇರೆ ಬೇರೆಯಾದರೂ ಅವರಲ್ಲಿ ಬಹುಪಾಲು ಜನರ ಆದಾಯದ ಮೂಲ ಒಂದೇ ಎಂಬುದನ್ನು ಸಮಿತಿಯು ಗಮನಿಸಿತು, ಈ ಭಾರವನ್ನು ಹಂತಹಂತವಾಗಿ ಇಳಿಸಲು ಸೂಚಿಸಿತು. ಬಲಗಡೆ ‘ಕ್ರಮ ಯಾರಿಂದ’ ಎಂಬ ಅಂಕಣವಿತ್ತು. ಅಲ್ಲಿ ‘ಶಾಖಾ ಮ್ಯಾನೇಜರ್, ಬಸವಕಲ್ಯಾಣ’ ಎಂದು ಹಾಕಿದೆ. ಯಾವ ಶಾಖೆಯ ವಿಷಯವೋ ಆ ಶಾಖೆಯ ಹೆಸರನ್ನು ಅಲ್ಲಿ ಹಾಕುವುದು ನಮ್ಮ ರೂಢಿ.

ಶಾಖೆಗಳಿಗೆ ಪೂರ್ತಿ ನಡಾವಳಿ ಹೋಗುತ್ತಿರಲಿಲ್ಲ, ಅವರವರಿಗೆ ಸಂಬಂಧಿಸಿದ ಸಾಲುಗಳನ್ನಷ್ಟೇ ಕಳಿಸುತ್ತಿದ್ದೆವು. ಅದು ಕೈಸೇರಿದ ಮೇಲೆ ಒಂದು ದಿನ ಬಸ್ಸಿನಲ್ಲಿ ಮ್ಯಾನೇಜರು ನಗುತ್ತ ಹೇಳಿದರು:

“ಅಕ್ಕಾರ, ನಾ ಹೇಳಿದ್ದು ನನಗೇ ಹುಕುಂ ಆಗಿ ಬಂದದ ನೋಡ್ರಿ.”

ನಾನೂ ನಕ್ಕೆ. ಬಸ್ಸು ಬಂಗ್ಲಾ ಕ್ರಾಸಿನಲ್ಲಿ ಹೈವೇ ಬಿಟ್ಟು ಊರ ಕಡೆ ತಿರುಗಿತು. ಅಲ್ಲಿ ಸಾಲಾಗಿ ನಿಂತಿದ್ದ ಹೊಸ ಲಾರಿಗಳನ್ನು ತೋರಿಸಿ ಅವರು, “ಇಳಿಸ್ರಿ ಅಂತಾರ. ಏರ್ಸಾವ್ರು ಯಾರು ಮತ್ತ?” ಎಂದರು. ಅದು ನಿಜವೇ ಆಗಿತ್ತು. ಶಾಖೆಗೆ ಅಧಿಕಾರವಿದ್ದದ್ದು ಸಣ್ಣ ಸಾಲಕ್ಕೆ ಮಾತ್ರ. ಲಾರಿಯ ಪಾರ್ಟಿಗಳು ನೇರವಾಗಿ ಹುಮನಾಬಾದಿಗೆ ಬಂದು ಎಂ.ಡಿ.ಯವರ ಎದುರು ಕೂರುತ್ತಿದ್ದರು. ಎಂ.ಡಿ. ಶಾಖೆಗೆ ಫೋನ್ ಮಾಡಿ, “ಫೈಲ್ ಕಳಸ್ರಿ” ಎನ್ನುತ್ತಿದ್ದರು. ಮ್ಯಾನೇಜರು ಕಳಿಸುತ್ತಿದ್ದರು. ಸಮಿತಿ ಇಳಿಸಲು ಸೂಚಿಸಿದ ಮೇಲೂ ಹಾಗೆಯೇ ಫೈಲುಗಳು ಬಂದವು, ಮಂಜೂರಾದವು.

ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಫ್ಯಾಕ್ಟರಿಗೆ ಬೀಗ ಬಿತ್ತು. ಮಾಲೀಕರ ಜಗಳ ಅಂದರು, ಹೊಲಸು ನೀರಿನ ತಕರಾರು ಅಂದರು. ಏನೇ ಆಗಲಿ ಗೇಟು ಮುಚ್ಚಿತು. ಕಾಂಟ್ರಾಕ್ಟರು ಫೋನ್ ಎತ್ತುವುದನ್ನು ಬಿಟ್ಟ. ಬಂಗ್ಲಾ ಕ್ರಾಸಿನ ಲಾರಿಗಳು ಅಲ್ಲಿಯೇ ನಿಂತವು, ಟೈರಿನ ಸುತ್ತ ಹುಲ್ಲು ಬೆಳೆಯಿತು. ಮೂರು ತಿಂಗಳು ಕಂತು ತಪ್ಪಿದ ಖಾತೆಗಳು ಸಮಿತಿಗೆ ಬರಬೇಕಲ್ಲ; ಬಸವಕಲ್ಯಾಣದ ಪಟ್ಟಿ ಮೊದಲು ಅರ್ಧ ಪುಟ ಇರುತ್ತಿದ್ದದ್ದು ಈಗ ಪುಟಗಟ್ಟಲೆ ಬಂತು.

ಬ್ಯಾಂಕಿನವರು ತಪಾಸಣೆಗೆ ಬಂದರು. ನನ್ನ ನಡಾವಳಿ ಪುಸ್ತಕವನ್ನು ಒಬ್ಬ ಯುವ ಅಧಿಕಾರಿ ಎರಡು ದಿನ ಓದಿದ. ಹೋಗುವಾಗ ನನ್ನ ಅಕ್ಷರವನ್ನು ಹೊಗಳಿದ. ಆಮೇಲೆ ಪತ್ರ ಬಂತು: ಸಮಿತಿಯು ಅಪಾಯವನ್ನು ಸಕಾಲದಲ್ಲಿ ಗುರುತಿಸಿ ಸ್ಪಷ್ಟ ಸೂಚನೆ ಕೊಟ್ಟಿರುವುದು ಶ್ಲಾಘನೀಯ, ಆ ಸೂಚನೆಯನ್ನು ಪಾಲಿಸದ ಸಿಬ್ಬಂದಿಯ ಹೊಣೆಯನ್ನು ನಿಗದಿ ಮಾಡಿ ತಿಳಿಸತಕ್ಕದ್ದು. ಹೊಣೆ ಹುಡುಕಲು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಬಲಗಡೆಯ ಅಂಕಣದಲ್ಲಿ ನಾನೇ ಬರೆದಿಟ್ಟಿದ್ದೆ.

ಎಂ.ಡಿ. ತಡ ಮಾಡಲಿಲ್ಲ. ಸಮಿತಿಯ ಎಚ್ಚರಿಕೆಯನ್ನು ಕಡೆಗಣಿಸಿ ಕಂಪನಿಗೆ ನಷ್ಟ ಮಾಡಿದ್ದಾರೆ ಎಂದು ಮ್ಯಾನೇಜರಿಗೆ ನೋಟಿಸು ಕೊಟ್ಟರು. ನಿರ್ಲಕ್ಷ್ಯದಿಂದ ನಷ್ಟ ಮಾಡಿದ ಎಂದು ಒಬ್ಬನನ್ನು ಕೆಲಸದಿಂದ ತೆಗೆದರೆ ಆ ನಷ್ಟದ ಮಟ್ಟಿಗೆ ಅವನ ಗ್ರಾಚ್ಯುಟಿಯನ್ನು ಮುರಿದುಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ನಿಂತ ಲಾರಿಗಳ ನಷ್ಟದ ಮುಂದೆ ಅವರ ಗ್ರಾಚ್ಯುಟಿ ಯಾವ ಲೆಕ್ಕ? ಅಂದರೆ ನೌಕರಿಯೂ ಹೋಗುತ್ತದೆ, ಇಷ್ಟು ವರ್ಷ ದುಡಿದದ್ದರ ಗಂಟೂ ಹೋಗುತ್ತದೆ. ತಾನೇ ಕೊಟ್ಟ ಎಚ್ಚರಿಕೆಯನ್ನು ತಾನೇ ಕಡೆಗಣಿಸಿದ್ದಕ್ಕೆ ಶಿಕ್ಷೆ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಯಾರ ಮೇಲೆ ಎಂದು ತಿಳಿಯದ ಸಿಟ್ಟು ಮೈಯನ್ನು ಬಹಳ ದಣಿಸುತ್ತದೆ.

ನೋಟಿಸಿಗೆ ಉತ್ತರ ಬರೆಯಲು ಅವರು ಬಸ್ಸಿನಲ್ಲಿ ನನ್ನ ಸಹಾಯ ಕೇಳಬಹುದು ಎಂದುಕೊಂಡಿದ್ದೆ. ಕೇಳಲಿಲ್ಲ. ನಾನೇ ಮಾತು ತೆಗೆದೆ.

“ಸಭಾದಾಗ ನಾ ಹೇಳ್ತೀನ್ರಿ. ಅದು ನಿಮ್ಮ ಮಾತಂತ ಹೇಳ್ತೀನಿ.”

“ಬ್ಯಾಡ್ರಿ ಅಕ್ಕಾರ. ಬರಿಯಾವ್ರು ಬರೀಬೇಕು. ನೀವು ಬಾಯಿ ತೆರದ್ರ ನಿಮ್ಮ ಕುರ್ಚಿನೂ ಬಾಗಿಲ ಕಡೆ ಬರ್ತದ.”

ಕಿಟಕಿಯ ಹೊರಗೆ ತೊಗರಿ ಹೊಲಗಳು.

ಮುಂದಿನ ಸಭೆಯ ಅಜೆಂಡಾದಲ್ಲಿ ‘ಸಿಬ್ಬಂದಿ ಹೊಣೆಗಾರಿಕೆ, ಬಸವಕಲ್ಯಾಣ ಶಾಖೆ’ ಎಂದು ನಾನೇ ಬರೆದಿದ್ದೆ. ಸಮಿತಿ ಶಿಫಾರಸು ಮಾಡುತ್ತದೆ, ಮಧ್ಯಾಹ್ನ ಬೋರ್ಡು ಒಪ್ಪುತ್ತದೆ, ಸಂಜೆಯೊಳಗೆ ಆದೇಶ ತಯಾರಾಗಬೇಕು ಎಂದು ಎಂ.ಡಿ. ಮೊದಲೇ ಹೇಳಿದ್ದರು. ಮ್ಯಾನೇಜರು ಬಾಗಿಲ ಬಳಿಯ ಕುರ್ಚಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸಾವುಕಾರರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಹಾಗಾಗಿ ಹಳೆಯ ನಡಾವಳಿಯನ್ನು ನಾನು ಕನ್ನಡದಲ್ಲಿ ಹೇಳುತ್ತ ಓದುವುದು ಪದ್ಧತಿ.

“ಓದು ತಂಗಿ, ಆವಾಗ ನಾವು ಏನ್ ಹೇಳಿದ್ದೆವು?” ಎಂದರು ಸಾವುಕಾರರು.

ನಾನು ಓದಿದೆ. ಸಾಲಗಾರರು ಬೇರೆ ಬೇರೆಯಾದರೂ ಅವರ ಆದಾಯದ ಮೂಲ ಎನ್ನುವಲ್ಲಿಗೆ ಬಂದಾಗ ಪುಟ ಮುಗಿಯಿತು. ಹಾಳೆ ತಿರುವಲು ನಿಂತೆ. ಅಷ್ಟರಲ್ಲಿ ಬಾಗಿಲ ಕಡೆಯಿಂದ, ತಲೆ ಎತ್ತದೆಯೇ, ತಮಗೆ ತಾವೇ ಅಂದುಕೊಳ್ಳುವಂತೆ ಮ್ಯಾನೇಜರು ಆ ವಾಕ್ಯವನ್ನು ಮುಗಿಸಿದರು:

“ಒಂದೇ ಬಾವ್ಯಾಗರಿ.”

ಎಂ.ಡಿ. ಸಿಡುಕಿದರು. “ಕೇಳ್ದಾಗ ಮಾತಾಡ್ರಿ.”

ಸಾವುಕಾರರು ಕೈ ಎತ್ತಿ ಅವರನ್ನು ತಡೆದರು. “ತಡೀರಿ. ಏನಂದೀ? ಬಾವಿ?” ಎಂದು ಬಾಗಿಲ ಕಡೆ ನೋಡಿದರು.

“ಎತ್ತು ಬ್ಯಾರೆ ಬ್ಯಾರೆ, ನೀರು ಕುಡಿಯೋದು ಒಂದೇ ಬಾವ್ಯಾಗಂತ ಅಂದಿದ್ದೆರಿ. ಅದನ್ನೇ ಅಕ್ಕಾರು ಇಂಗ್ಲಿಷಿನ್ಯಾಗ ಚಂದ ಮಾಡಿ ಬರ್ದಾರ.”

ಸಾವುಕಾರರು ಮುಂದಕ್ಕೆ ಬಗ್ಗಿದರು. ಧಾನ್ಯದ ವ್ಯಾಪಾರಿ, ನಿಯಮ ಮರೆಯಬಹುದು, ಆಡಿದ ಮಾತನ್ನೂ ಆಡಿದವನನ್ನೂ ಮರೆಯುವವರಲ್ಲ. “ಹೌದಲ್ಲ. ಆ ಮಾತಿಗೆ ನಾ ನಕ್ಕಿದ್ದೆ. ಭಜಿ ಗಂಟಲಿಗೆ ಹತ್ತಿತ್ತು” ಎಂದು ನನ್ನ ಕಡೆ ತಿರುಗಿದರು. “ತಂಗಿ, ಇದು ಅದೇ ಮಾತೇನು?”

ಕೇಳಿದ ಮೇಲೆ ಸುಮ್ಮನಿರುವ ಹಂಗು ನನಗಿರಲಿಲ್ಲ. “ಹೌದ್ರಿ. ಅವರೇ ಹೇಳಿದ್ದು. ಸಮಿತಿ ಹೇಳಿದ್ದಲ್ಲ. ಆಮ್ಯಾಲ ಮಂಜೂರಾದ ಫೈಲು ಯಾವ್ದೂ ಶಾಖಾದಾಗ ಮಂಜೂರಾಗಿಲ್ರಿ, ಎಲ್ಲಾ ಇಲ್ಲೇ ಆಗ್ಯಾವ” ಎಂದೆ. ಪೆನ್ನು ಮುಚ್ಚಿಟ್ಟೆ.

ಎಂ.ಡಿ. ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಶಾಖೆ ಫೈಲು ಕಳಿಸಿದ್ದಕ್ಕೇ ತಾವು ಮಂಜೂರು ಮಾಡಿದ್ದು ಎಂದು ಅವರು ಏನೋ ಶುರು ಮಾಡಿದರು. ಸಾವುಕಾರರು ಕೇಳಿಸಿಕೊಳ್ಳಲಿಲ್ಲ.

“ಹೇಳ್ದಾಂವ ಇಂವ, ನಕ್ಕಾಂವ ನಾ, ಸಹಿ ಮಾಡ್ದಾವ್ರು ನೀವು. ಇವನ್ನ ಹ್ಯಾಂಗ ಮನಿಗಿ ಕಳಸ್ತೀರಿ? ಬಿಡ್ರಿ ಆ ಮಾತು.”

ಅಷ್ಟಕ್ಕೇ ಮುಗಿಯಿತು. ನೋಟಿಸು ಹಿಂದಕ್ಕೆ ಹೋಯಿತು; ನೌಕರಿ ಉಳಿಯಿತು, ಗ್ರಾಚ್ಯುಟಿಯೂ ಉಳಿಯಿತು. ಮ್ಯಾನೇಜರು ಎದ್ದು ಕೈ ಮುಗಿದು ಹೊರಗೆ ಹೋದರು. ಮಧ್ಯಾಹ್ನ ಅವರಿಗೆ ಊಟ ಸೇರಿತೋ ಇಲ್ಲವೋ ಗೊತ್ತಿಲ್ಲ, ನನಗಂತೂ ಸೇರಲಿಲ್ಲ. ಗೆದ್ದವರಿಗೂ ಅಷ್ಟು ಸುಸ್ತಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಆ ಸಭೆಯ ನಡಾವಳಿ ಬರೆಯಲು ಕೂತಾಗ ನಾನು ಸಾಹೇಬರ ಪಾಠವನ್ನು ಪಕ್ಕಕ್ಕಿಟ್ಟೆ. ‘ಬಸವಕಲ್ಯಾಣ ಶಾಖಾ ಮ್ಯಾನೇಜರು ಈ ಅಪಾಯವನ್ನು ಮುಂಚೆಯೇ ಸಮಿತಿಯ ಎದುರು ಹೇಳಿದ್ದರು, ಆದ್ದರಿಂದ ಅವರ ಮೇಲೆ ಕ್ರಮ ಬೇಕಾಗಿಲ್ಲ’ ಎಂದು ದುಂಡಗಿನ ಅಕ್ಷರದಲ್ಲಿ ಬರೆದೆ. ಇಷ್ಟು ವರ್ಷಗಳಲ್ಲಿ ಆ ಪುಸ್ತಕದಲ್ಲಿ ಒಬ್ಬ ಮನುಷ್ಯ ಬಾಯಿ ಬಿಟ್ಟದ್ದು ಅದೇ ಮೊದಲು. ಬರೆದು ಮುಗಿಸಿ ಎರಡು ಸಲ ಓದಿಕೊಂಡೆ, ಹಿತವೆನಿಸಿತು.

ಮುಂದಿನ ಸಭೆಯಲ್ಲಿ ಸಹಿಗೆ ಇಟ್ಟೆ. ಸಾಹೇಬರು ಮೊದಲು ಓದಿ, ಕನ್ನಡಕ ತೆಗೆದು, ಬೇಸರದಿಂದಲೇ ತಲೆ ಆಡಿಸಿದರು.

“ಅಮ್ಮಾ, ಹಿಂಗ ಬರೆದ್ರ ಬ್ಯಾಂಕಿನವ್ರು ಏನ್ ಕೇಳ್ತಾರ? ಅವ್ರು ಹೇಳಿದ್ರು ಅಂದ್ರ ಕೇಳಲಾರದವ್ರು ಯಾರು ಅಂತ ಕೇಳ್ತಾರ. ಆಮ್ಯಾಲ ಲಿಮಿಟ್ ಎಲ್ಲಿಂದ ಬರ್ತದ? ಸಮಿತಿಗೆ ಒಂದೇ ಬಾಯಿ ಅಂತ ಹೇಳಿದ್ದೆ ಅಲ್ಲ?”

“ಬಾಯಿ ಒಂದೇ ಇರಲಿ ಸಾಹೇಬ್ರ. ಕಿವಿನಾರ ಇರ್ಬೇಕಿತ್ತಲ್ರಿ” ಎಂದುಬಿಟ್ಟೆ. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ಕೆಟ್ಟವರಲ್ಲ, ಅವರು ಕಲಿತ ಪಾಠ ಅದು.

ಕಪ್ಪು ಪೆನ್ನಿನಿಂದ ಆ ವಾಕ್ಯದ ಮೇಲೆ ಒಂದೇ ಗೆರೆ ಎಳೆದರು, ನೇರವಾಗಿ, ಪುಸ್ತಕದ ನಿಯಮದಂತೆ. ಮೇಲೆ ಸಣ್ಣ ಅಕ್ಷರದಲ್ಲಿ ಹೊಸ ವಾಕ್ಯ ಬರೆದರು: ಈ ಅಪಾಯವನ್ನು ಸಮಿತಿಯು ಮುಂಚೆಯೇ ಗಮನಿಸಿತ್ತು, ಶಾಖೆಯ ಮೇಲೆ ಕ್ರಮದ ಅಗತ್ಯವಿಲ್ಲ. ಸಾವುಕಾರರು ನನ್ನ ಮುಖ ನೋಡದೆ ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದರು. ಎಂ.ಡಿ. ಹೊಸ ವಿಷಯ ಸೇರಿಸಿದರು: ನಿಂತ ಲಾರಿಗಳನ್ನು ವಶಪಡಿಸಿಕೊಂಡು ಮಾರಬೇಕು. ಬಲಗಡೆಯ ಅಂಕಣದಲ್ಲಿ ನಾನು ಮತ್ತೆ ಬರೆದೆ: ಶಾಖಾ ಮ್ಯಾನೇಜರ್, ಬಸವಕಲ್ಯಾಣ.

ಸಂಜೆ ಮ್ಯಾನೇಜರು ನನ್ನ ಮೇಜಿನ ಬಳಿ ಬಂದರು. ತೋರಿಸಬಾರದಿತ್ತು, ಆದರೂ ಪುಸ್ತಕ ತೆರೆದು ಅವರ ಕಡೆ ತಿರುಗಿಸಿಟ್ಟೆ. “ತಪ್ಪು ತಿಳ್ಕೋಬ್ಯಾಡ್ರಿ. ನಿಮ್ಮ ಹೆಸರಿಲೇನೇ ಬರ್ದಿದ್ದೆ, ಹೊಡ್ದು ಹಾಕಿದ್ರು” ಎಂದೆ. ಕಣ್ಣು ತುಂಬಿ ಬಂದದ್ದನ್ನು ಮುಚ್ಚಿಡಲಿಲ್ಲ. ಅವರು ಬಗ್ಗಿ, ಗೆರೆಯ ಕೆಳಗೆ ಬೆರಳಿಟ್ಟು, ಶಾಲೆಯ ಮಕ್ಕಳ ಹಾಗೆ ಒಂದೊಂದೇ ಪದ ಓದಿದರು. ಮುಗಿದ ಮೇಲೆ ಬೆರಳನ್ನು ಸ್ವಲ್ಪ ಹೊತ್ತು ಅಲ್ಲಿಯೇ ಇಟ್ಟುಕೊಂಡಿದ್ದರು.

“ಓದಾಕ ಬರ್ತದಲ್ರಿ ಅಕ್ಕಾರ,” ಎಂದರು. “ಸಾಕು ಬಿಡ್ರಿ. ನಡೀರಿ, ಬಸ್ ಹೋಗ್ತದ.”